ಬಿದ್ದುಹೋದ ಅರ್ಧ

ಹಲ್ಲಿ ಲೊಚಗುಟ್ಟಿತು.

ಬಿಜೂರಿನ ಆ ಮನೆಯಲ್ಲಿ ಎಲ್ಲರೂ ಮಲಗಿದ್ದ ಹೊತ್ತು. ಸದ್ದು ಬಂದದ್ದು ಕ್ಯಾಲೆಂಡರಿನ ಹಿಂದಿನಿಂದ. ಚೇತನಾ ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. ಆಗಷ್ಟೇ ಅವಳ ಬಾಯಿಂದ, ತನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, “ಇದು ತಪ್ಪು” ಎಂಬ ಮಾತು ಹೊರಬಿದ್ದಿತ್ತು. ಒಳಕೋಣೆಯಲ್ಲಿ ಅರೆನಿದ್ದೆಯಲ್ಲಿದ್ದ ಅವಳ ಅಮ್ಮ ವನಜ, ಯಾವ ಮಾತಿಗೆ ಹಲ್ಲಿ ಸಾಕ್ಷಿ ಹೇಳಿತೆಂದು ತಿಳಿಯದಿದ್ದರೂ, ಅಭ್ಯಾಸದಂತೆ ಮಂಚದ ಕಾಲಿಗೆ ಬೆರಳಿನಿಂದ ಕುಟ್ಟಿ, “ಸತ್ಯ, ಸತ್ಯ” ಅಂದಳು.

“ಎಷ್ಟ್ ಹೊತ್ತ್ ಅದ್ರ್ ಮುಂದೆ ಕೂಕಂಡಿರ್ತೆ ಮಗಾ? ಮಲ್ಕೊ.”

“ಆಯ್ತ್ ಅಮ್ಮ, ಈಗ ಮಲಗ್ತೆ.”

ಮಲಗಲಿಲ್ಲ. ಪರದೆಯ ಮೇಲೆ ಇದ್ದದ್ದು ಲ್ಯಾಬ್ ಮ್ಯಾನುವಲ್ಲಿನ ಏಳನೇ ಪ್ರೋಗ್ರಾಮು. ಕುಂದಾಪುರದ ಕಾಲೇಜೊಂದರಲ್ಲಿ ಚೇತನಾ ಅತಿಥಿ ಉಪನ್ಯಾಸಕಿ. ಬಿಸಿಎ ಮಕ್ಕಳಿಗೆ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಾಳೆ. ಇನ್ನೆರಡು ದಿನದಲ್ಲಿ ಪ್ರಾಯೋಗಿಕ ಪರೀಕ್ಷೆ. ಸಂಜೆ ಪೂಜಿತಾ ಎಂಬ ಹುಡುಗಿ ಒಂದು ಮೆಸೇಜು ಕಳಿಸಿದ್ದಳು: ‘ಮೇಡಂ, ಏಳನೇ ಪ್ರೋಗ್ರಾಂ ತಪ್ಪಿತ್ತಾ? ಉತ್ತರ 52.0 ಅಂತ ಇತ್ತ್. ನಾನ್ ಕೈಯಲ್ಲಿ ಮಾಡಿದ್ರೆ ಬೇರೆ ಬತ್ತ್.’

ಮೂರು ವಿಷಯಗಳ ಅಂಕ ಕೊಟ್ಟರೆ ಸರಾಸರಿ ಹೇಳುವ ಸಣ್ಣ ಲೆಕ್ಕ ಅದು. 55, 48, 55. ಒಟ್ಟು 158. ಅದನ್ನು ಮೂರರಿಂದ ಭಾಗಿಸುವ ಮುಂದಿನ ಸಾಲು ಹೀಗಿತ್ತು:

double avg = total / 3;

ನೋಡಲು ಏನೂ ತಪ್ಪಿಲ್ಲ. ಉತ್ತರ ದಶಮಾಂಶದಲ್ಲಿ ಬೇಕೆಂದು ಎಡಗಡೆ ಡಬಲ್ ಅಂತ ಬರೆದೂ ಇದೆ. ಆದರೆ ಬಲಗಡೆಯ ಎರಡೂ ಪೂರ್ಣಾಂಕಗಳು. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಜಾವಾ ಪೂರ್ಣಾಂಕವನ್ನೇ ಕೊಡುತ್ತದೆ, ಉಳಿದದ್ದನ್ನು ಎಸೆಯುತ್ತದೆ. 158ರಲ್ಲಿ ಮೂರು 52 ಸಲ ಹೋಗಿ ಎರಡು ಉಳಿಯಿತು, ಆ ಎರಡು ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ. ಆಮೇಲೆ ಆ ಬೋಳು 52ನ್ನು ಎಡಗಡೆಯ ದೊಡ್ಡ ಪೆಟ್ಟಿಗೆಗೆ ಹಾಕುವಾಗ ಅದಕ್ಕೊಂದು ಚುಕ್ಕಿ, ಒಂದು ಸೊನ್ನೆ ಹಚ್ಚಿ 52.0 ಮಾಡಿತು. ಚಿಕ್ಕದು ದೊಡ್ಡದಾಗುವ ಈ ಕೆಲಸಕ್ಕೆ ಜಾವಾ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ದೊಡ್ಡದನ್ನು ಚಿಕ್ಕದಕ್ಕೆ ತುರುಕುವಾಗ ಮಾತ್ರ ಕೂಗಾಡುತ್ತದೆ.

ಚೇತನಾ ಮೂರರ ಮುಂದೆ ಒಂದು ಚುಕ್ಕಿ, ಒಂದು ಸೊನ್ನೆ ಹಾಕಿದಳು. ಭಾಗಿಸುವ ಎರಡರಲ್ಲಿ ಒಂದು ಡಬಲ್ ಆದರೆ ಸಾಕು, ಇನ್ನೊಂದನ್ನೂ ಮೊದಲು ಡಬಲ್ ಮಾಡಿ ಆಮೇಲೆ ಭಾಗಿಸುತ್ತದೆ. ಓಡಿಸಿದಾಗ ಬಂದದ್ದು 52.666666666666664.

ಆ ಮ್ಯಾನುವಲ್ಲು ಬರೆದವರು ವಿಭಾಗದ ಮುಖ್ಯಸ್ಥರಾದ ರಾಜೇಂದ್ರ ಸರ್. ಅವರ ಹೆಸರು ರಟ್ಟಿನ ಮೇಲೆ ಬಂಗಾರದ ಬಣ್ಣದಲ್ಲಿದೆ. ಕುಂದಾಪುರದಲ್ಲಷ್ಟೇ ಅಲ್ಲ, ಬೈಂದೂರಿನ ಮಕ್ಕಳೂ ಬ್ರಹ್ಮಾವರದ ಮಕ್ಕಳೂ ಅದನ್ನೇ ರೆಕಾರ್ಡಿಗೆ ಇಳಿಸುತ್ತಾರೆ. ಮಕ್ಕಳು ಪ್ರೋಗ್ರಾಮನ್ನೂ ಬಾಯಿಪಾಠ ಮಾಡುತ್ತಾರೆ, ಉತ್ತರವನ್ನೂ ಬಾಯಿಪಾಠ ಮಾಡುತ್ತಾರೆ. ಪರೀಕ್ಷಕರು ಪರದೆಯನ್ನೊಮ್ಮೆ, ಪುಸ್ತಕವನ್ನೊಮ್ಮೆ ನೋಡಿ, ಎರಡೂ ಒಂದೇ ಆಗಿದ್ದರೆ ಸರಿ ಎಂದು ಗೆರೆ ಎಳೆಯುತ್ತಾರೆ. ಲೆಕ್ಕ ಮಾಡಿ ನೋಡುವ ಪದ್ಧತಿ ಇಲ್ಲ. ಕಂಪ್ಯೂಟರೇ ಮಾಡಿದೆಯಲ್ಲ.

ಚೇತನಾ ಮೆಸೇಜಿಗೆ ಉತ್ತರ ಬರೆದಳು: ‘ನಿನ್ನದೇ ಸರಿ. ಪರೀಕ್ಷೆಯಲ್ಲೂ ಹಾಗೇ ಬರಿ.’ ಮತ್ತೊಮ್ಮೆ ಓದದೆಯೇ ಕಳಿಸಿಬಿಟ್ಟಳು. ಯಾವ ಮಾತನ್ನೂ ಎರಡು ಸಲ ಓದದೆ ಕಳಿಸುವವಳಲ್ಲ ಅವಳು.

ಆ ಹುಡುಗಿಯೇ ಬೇರೆ ನಮೂನೆ. ಮರವಂತೆಯವಳು. ಅಮ್ಮ ರತ್ನ ಮೀನು ಮಾರುತ್ತಾಳೆ. ಹೋದ ಸಲ ಪರೀಕ್ಷೆಯ ದಿನವೇ ಜ್ವರ ಬಂದು ಮಲಗಿದ್ದರಿಂದ ಈ ಲ್ಯಾಬು ಬಾಕಿ ಉಳಿದಿತ್ತು. ಈ ಸಲವೂ ಹೋದರೆ ಕೊನೆಯ ವರ್ಷಕ್ಕೆ ಸೇರಿಸಿಕೊಳ್ಳುವುದಿಲ್ಲ. ತರಗತಿಯಲ್ಲಿ ಚೇತನಾ ಈ ಭಾಗಾಕಾರವನ್ನು ಹೇಳಿಕೊಡುವಾಗ, “ಏಳು ಬಂಗುಡೆಯನ್ನು ಇಬ್ಬರಿಗೆ ಪಾಲು ಮಾಡಿದರೆ?” ಎಂದು ಕೇಳಿದ್ದಳು.

“ಮೂರ್ ಮೂರ್ ಮೇಡಂ. ಒಂದ್ ಬೆಕ್ಕಿಗೆ,” ಅಂದಿದ್ದಳು ಪೂಜಿತಾ. ಇಡೀ ತರಗತಿ ನಕ್ಕಿತ್ತು.

“ಅದೇ. ಜಾವಾ ಆ ಒಂದನ್ನು ಬೆಕ್ಕಿಗೆ ಹಾಕುತ್ತದೆ. ಆಮೇಲೆ ನೀವು ಎಷ್ಟು ದೊಡ್ಡ ಬುಟ್ಟಿ ತಂದರೂ ಮೂರೇ.”

“ಹಂಗಾರೆ ಬುಟ್ಟಿ ಮೊದ್ಲೇ ತರ್ಕ್ ಮೇಡಂ. ಪಾಲ್ ಮಾಡುಕ್ ಮುಂಚೆ.”

ಇಷ್ಟು ವರ್ಷದ ಪಾಠದಲ್ಲಿ ಅದನ್ನು ಇಷ್ಟು ಚೆಂದ ಹೇಳಿದವರನ್ನು ಚೇತನಾ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಮ್ಯಾನುವಲ್ಲು ಹಿಡಿದುಕೊಂಡು ರಾಜೇಂದ್ರ ಸರ್ ಕೋಣೆಗೆ ಹೋದಳು. ಹೇಳಬೇಕಾದದ್ದನ್ನು ಬಸ್ಸಿನಲ್ಲೇ ಮನಸ್ಸಿನಲ್ಲಿ ನಾಲ್ಕು ಸಲ ಜೋಡಿಸಿಕೊಂಡಿದ್ದಳು. ‘ತಪ್ಪು’ ಎಂಬ ಶಬ್ದ ಬರಬಾರದು. ‘ಒಂದು ಸಣ್ಣ ತಿದ್ದುಪಡಿ’ ಎನ್ನಬೇಕು.

“ಸರ್, ಏಳನೇ ಪ್ರೋಗ್ರಾಮಿನಲ್ಲಿ ಒಂದು ಸಣ್ಣ ತಿದ್ದುಪಡಿ ಮಾಡಬಹುದಾ ಅಂತ.”

ರಾಜೇಂದ್ರ ಸರ್ ಕನ್ನಡಕದ ಮೇಲಿಂದ ನೋಡಿದರು. ಕೆಟ್ಟ ಮನುಷ್ಯನೇನಲ್ಲ. ಅವಳನ್ನು ಕೆಲಸಕ್ಕೆ ತೆಗೆದುಕೊಂಡವರೇ ಅವರು. ಪ್ರತಿ ವರ್ಷ ಅವಳ ನೇಮಕದ ಆರ್ಡರು ಮುಂದುವರಿಯುವುದೂ ಅವರ ಒಂದು ಸಾಲಿನ ಶಿಫಾರಸಿನ ಮೇಲೆಯೇ. ಚೇತನಾ ತೋರಿಸಿದ ಸಾಲನ್ನು ಓದಿದರು. ಒಂದು ಕ್ಷಣ ಅವರ ತುಟಿ ಅಲುಗಿದ್ದು ಅವಳ ಕಣ್ಣು ತಪ್ಪಲಿಲ್ಲ. ಅವರಿಗೆ ಅರ್ಥವಾಗಿತ್ತು.

“ಹ್ವಾಯ್ ಚೇತನಾ, ಹತ್ತ್ ವರ್ಷದಿಂದ ಮಕ್ಕಳ್ ಬರೂದ್ ಇದ್ನೇ. ಒಬ್ಬ್ರೂ ಎಂತದೂ ಹೇಳಲ್ಲೆ. ನಿಮ್ಗೆ ಈಗ ಕಂಡ್ತಾ?”

“ನಾನೂ ನಿನ್ನೆಯೇ ಓಡಿಸಿ ನೋಡಿದ್ದು ಸರ್.”

“ಸರಾಸರಿ ಅಂದ್ರೆ ಸುಮಾರು ಲೆಕ್ಕ ಮಾರಾಯ್ರೆ. 52 ಅಂದ್ರೂ ಒಂದೇ, ಐವತ್ತೆರಡು ಮುಕ್ಕಾಲ್ ಅಂದ್ರೂ ಒಂದೇ. ರೆಕಾರ್ಡಿಗೆಲ್ಲ ಸೀಲ್ ಬಿದ್ದಾಯ್ತ್. ಈಗ ತಪ್ಪು ಅಂದ್ರೆ ಹತ್ತ್ ವರ್ಷದ್ ಮಕ್ಕಳನ್ನ ಕರ್ದ್ ತಿದ್ದ್‌ಸೂದಾ?” ಅವರು ನಕ್ಕರು. “ಮುಂದಿನ ವರ್ಷ ಕಾಂಬ. ನಿಮ್ಮ ಹೆಸ್ರೂ ಹಾಕ್ವ, ಹೊಸ ಪ್ರಿಂಟ್‌ನಲ್ಲಿ.”

“ಸರಿಯಾಗಿ ಬರೆದ ಮಕ್ಕಳಿದ್ದರೆ ಸರ್?”

“ಯಾರ್ ಬರೀತ್ರ್? ಮ್ಯಾನುವಲ್ ಬಿಟ್ಟ್ ಉಸ್ರ್ ಸೈತ ಬಿಡುದಿಲ್ಲೆ ಅವ್ರ್.”

ಆಗ ಪೂಜಿತಾಗೆ ಇನ್ನೊಂದು ಮೆಸೇಜು ಕಳಿಸಬೇಕಿತ್ತು. ‘ಪುಸ್ತಕದಲ್ಲಿದ್ದಂತೆಯೇ ಬರಿ’ ಎಂದು. ಚೇತನಾ ಅದನ್ನು ಟೈಪು ಮಾಡಿದಳು ಕೂಡ. ಓದಿದಳು. ನಾಚಿಕೆಯಾಗಿ ಅಳಿಸಿದಳು. ಇಪ್ಪತ್ತು ಪ್ರೋಗ್ರಾಮುಗಳಿವೆ, ಏಳನೆಯದೇ ಬರಬೇಕೆಂದು ಏನಿದೆ?

ಪರೀಕ್ಷೆಯ ದಿನ ಲ್ಯಾಬಿನ ಬಾಗಿಲಲ್ಲೇ ಮೇಜು ಹಾಕಿ, ಅದರ ಮೇಲೆ ಸ್ಟೀಲಿನ ಡಬ್ಬದಲ್ಲಿ ಚೀಟಿಗಳನ್ನಿಟ್ಟಿದ್ದರು. ಒಬ್ಬೊಬ್ಬರೇ ಬಂದು ಚೀಟಿ ಎತ್ತಬೇಕು. ಎತ್ತಿದ ಸಂಖ್ಯೆಯ ಪ್ರೋಗ್ರಾಮು ಬರೆಯಬೇಕು. ಹೊರಗಿನ ಪರೀಕ್ಷಕರಾಗಿ ಬ್ರಹ್ಮಾವರದಿಂದ ಪ್ರೇಮಾನಂದ ಸರ್ ಬಂದಿದ್ದರು. ದಪ್ಪ ಮೀಸೆಯ, ಮಾತಿಗೊಂದು ತಮಾಷೆ ಬೆರೆಸುವ ಮನುಷ್ಯ. ಒಳಗಿನ ಪರೀಕ್ಷಕಿ ಚೇತನಾ. ಇಬ್ಬರೂ ಪ್ರತ್ಯೇಕವಾಗಿ ಅಂಕ ಕೊಡಬೇಕು, ಎರಡರ ಸರಾಸರಿಯೇ ಮಕ್ಕಳ ಅಂಕ.

ಪೂಜಿತಾ ಡಬ್ಬಕ್ಕೆ ಕೈ ಹಾಕುವ ಮೊದಲು ಕಣ್ಣು ಮುಚ್ಚಿ ಏನೋ ಬೇಡಿಕೊಂಡಳು.

“ಯಾವ್ ದೇವ್ರಿಗೆ ಹರಕೆ?” ಪ್ರೇಮಾನಂದ ಸರ್ ಕೇಳಿದರು.

“ಮಾರಸ್ವಾಮಿಗೆ ಸರ್.”

“ಜಾವಾ ಅವ್ರಿಗೆ ಬತ್ತಾ ಕಾಂಬ.”

ಅವಳು ಚೀಟಿ ಬಿಚ್ಚಿ, ನೋಡಿ, ನಕ್ಕಳು. ಆ ನಗು ಕಂಡೇ ಚೇತನಾಗೆ ಗೊತ್ತಾಯಿತು. ಏಳು.

ಪೂಜಿತಾ ಕೂತಳು, ಬರೆದಳು, ಟೈಪು ಮಾಡಿದಳು. ಬೇರೆ ಮಕ್ಕಳು ಕಣ್ಣು ಮೇಲೆ ಮಾಡಿ ಬಾಯಿಪಾಠದ ಸಾಲುಗಳನ್ನು ನೆನಪಿಗೆ ತಂದುಕೊಳ್ಳುತ್ತಿದ್ದಾಗ ಅವಳು ಯೋಚಿಸಿ ಬರೆಯುತ್ತಿದ್ದಳು. ಚೇತನಾ ಸಾಲಿನ ನಡುವೆ ನಡೆಯುತ್ತ ಅವಳ ಪರದೆಯ ಹತ್ತಿರ ಬಂದಾಗಲೆಲ್ಲ ಹೆಜ್ಜೆ ಬೇಗ ಹಾಕಿದಳು. ನೋಡದಿದ್ದರೂ ಅದು ಕಂಡಿತು. ಮೂರರ ಮುಂದೆ ಚುಕ್ಕಿ, ಸೊನ್ನೆ.

ಪ್ರೇಮಾನಂದ ಸರ್ ಒಬ್ಬೊಬ್ಬರ ಉತ್ತರ ನೋಡುತ್ತ ಬಂದರು. ಮ್ಯಾನುವಲ್ಲು ಬಗಲಲ್ಲೇ ಇತ್ತು. ಪೂಜಿತಾಳ ಪರದೆಯ ಮುಂದೆ ನಿಂತರು. ಅದೇ ಹೊತ್ತಿಗೆ ರಾಜೇಂದ್ರ ಸರ್ ಚಹಾ ಬಂತೆಂದು ಹೇಳಲು ಲ್ಯಾಬಿನ ಒಳಗೆ ಕಾಲಿಟ್ಟರು.

“ಇದೆಂತ ಮಗಾ, ಇಷ್ಟುದ್ದ ಬಾಲ? ಪುಸ್ತಕದಲ್ಲಿ 52.0 ಅಂತಿತ್ತಲ್ಲ.”

“ಸರ್, ಅದ್ರಲ್ಲಿ ಶೇಷ ಬಿದ್ದ್ ಹೋಯ್ತ್ ಸರ್. ಮೂರರ್ ಹತ್ರ ಪಾಯಿಂಟ್ ಸೊನ್ನೆ ಹಾಕಿದ್ರೆ ಬೀಳೂದಿಲ್ಲೆ.” ಪೂಜಿತಾಳ ದನಿಯಲ್ಲಿ ಅಂಜಿಕೆ ಇರಲಿಲ್ಲ.

“ಓಹೋ. ಹಂಗಾರೆ ಕೊನೆಗೆ ಈ ನಾಲ್ಕ್ ಎಲ್ಲಿಂದ ಬಂತ್? ಎಲ್ಲ ಆರು, ಕೊನೆಗೆ ಮಾತ್ರ ನಾಲ್ಕು. ಏಳಾದ್ರೂ ಬರ್ಕಿತ್ತಲ್ದಾ?”

ಪೂಜಿತಾ ಪರದೆ ನೋಡಿದಳು. ಅವಳಿಗೆ ಅದು ಗೊತ್ತಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ಚೇತನಾಗೆ ಗೊತ್ತಿತ್ತು. ಮೂರನೇ ಎರಡು ಎಂಬುದು ಎಂದೂ ಮುಗಿಯದ ಸಂಖ್ಯೆ. ಡಬಲ್ಲಿನ ಪೆಟ್ಟಿಗೆಗೆ ಒಂದು ಅಳತೆಯಿದೆ, ಅದರಲ್ಲಿ ಹಿಡಿಯುವಷ್ಟು ಹತ್ತಿರದ ಬೆಲೆಯನ್ನು ಇಟ್ಟುಕೊಳ್ಳುತ್ತದೆ. ಕೊನೆಯ ಅಂಕೆಯಲ್ಲಿ ಆ ಕೂದಲೆಳೆಯ ವ್ಯತ್ಯಾಸ ಕಾಣುತ್ತದೆ. ಒಂದೇ ವಾಕ್ಯದ ಉತ್ತರ. ನಾಲಿಗೆಯ ತುದಿಯಲ್ಲೇ ಇತ್ತು.

ಪೂಜಿತಾ ಕತ್ತು ತಿರುಗಿಸಿ ಚೇತನಾ ಕಡೆ ನೋಡಿದಳು. ಪ್ರೇಮಾನಂದ ಸರ್ ಕೂಡ ತಿರುಗಿದರು.

“ಎಂತ ಮೇಡಂ, ನೀವೇ ಹೇಳಿ. ನಿಮ್ಮ ಹೆಣ್ಣಿಂದ್ ಸರಿಯಾ, ಪುಸ್ತಕದ್ ಸರಿಯಾ?”

ತಮಾಷೆಯ ದನಿಯೇ. ಆದರೆ ಲ್ಯಾಬಿನಲ್ಲಿ ಕೀಲಿಗಳ ಸದ್ದು ನಿಂತಿತು. ಮಕ್ಕಳು ಕಿವಿ ನಿಮಿರಿಸಿದರು. ರಾಜೇಂದ್ರ ಸರ್ ಬಾಗಿಲ ಬಳಿ ಕೈ ಹಿಂದೆ ಕಟ್ಟಿ ನಿಂತಿದ್ದರು. ಮುಖ ಗಂಟಿಕ್ಕಲಿಲ್ಲ. ಸುಮ್ಮನೆ ಅವಳನ್ನು ನೋಡಿದರು, ತಾವು ಸಾಕಿದ ಹಸು ಯಾವ ಹಟ್ಟಿಗೆ ಹೋಗುತ್ತದೆಂದು ನೋಡುವವರಂತೆ.

ಚೇತನಾ ಅಂದಳು, “ಸರ್... ಮ್ಯಾನುವಲ್ಲಿನಲ್ಲಿ ಇದ್ದ ಹಾಗೆ ಬರಬೇಕು.” ಆಮೇಲೆ ಪೂಜಿತಾಗೆ, ಬಗ್ಗಿ, ಮೆಲ್ಲಗೆ, “ಆ ಚುಕ್ಕಿ ಸೊನ್ನೆ ತೆಗಿ.”

“ಮೇಡಂ?”

“ತೆಗಿ ಪೂಜಿತಾ. ಮೂರು ಮಾತ್ರ ಇಡು.”

ಹುಡುಗಿ ಕೂಡಲೇ ತೆಗೆಯಲಿಲ್ಲ. ಅವಳ ಬೆರಳು ಕೀಲಿಯ ಮೇಲೆ ನಿಂತಿತು. ಕಿಸೆಯಲ್ಲಿ ಫೋನಿಲ್ಲ, ಹೊರಗೆ ಚೀಲದಲ್ಲಿದೆ. ಆದರೆ ಅದರೊಳಗಿನ ಆ ಮೆಸೇಜು ಇಬ್ಬರ ನಡುವೆ ತೆರೆದುಕೊಂಡಂತಿತ್ತು. ‘ನಿನ್ನದೇ ಸರಿ.’ ಆಮೇಲೆ ಅವಳು ಎರಡು ಸಲ ಒತ್ತಿದಳು. ಸೊನ್ನೆ ಹೋಯಿತು, ಚುಕ್ಕಿ ಹೋಯಿತು. ಓಡಿಸಿದಳು.

52.0.

“ಈಗ ಚೆಂದ ಆಯ್ತ್ ಕಾಣಿ. ಬಾಲ ಕತ್ತರ್ಸಿದ ನಾಯಿಮರಿ ಹಾಂಗೆ,” ಅಂದರು ಪ್ರೇಮಾನಂದ ಸರ್. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ರಾಜೇಂದ್ರ ಸರ್ ಚಹಾ ಆರುತ್ತದೆಂದು ಹೇಳಿ ಹೊರಟುಹೋದರು.

ಬಾಯಿಪರೀಕ್ಷೆಯಲ್ಲಿ ಪ್ರೇಮಾನಂದ ಸರ್ ಅವಳಿಗೆ ಬೇರೇನೂ ಕೇಳಲಿಲ್ಲ. ಅದನ್ನೇ ಕೇಳಿದರು. “ಪೂರ್ಣಾಂಕವನ್ನ ಪೂರ್ಣಾಂಕದಿಂದ ಭಾಗ್ಸಿದ್ರೆ ಎಂತ ಆತ್ತ್?”

ಪೂಜಿತಾ ನೆಲ ನೋಡುತ್ತಿದ್ದಳು.

“ಆಗ ಅಷ್ಟ್ ಜೋರ್ ಹೇಳ್ದೆ. ಈಗ ಹೇಳ್.”

“ಗೊತ್ತಿಲ್ಲ ಸರ್.”

“ಇನ್ನೊಂದ್ಸಲ ಯೋಚ್ನೆ ಮಾಡ್.”

“ಗೊತ್ತಿಲ್ಲ ಸರ್,” ಅಂದಳು ಮತ್ತೆ. ಈ ಸಲ ಚೇತನಾಳನ್ನೇ ನೋಡಿ ಅಂದಳು.

ಮಧ್ಯಾಹ್ನ ಪರೀಕ್ಷೆ ಮುಗಿದ ಮೇಲೆ ಸ್ಟಾಫ್‌ರೂಮಿನಲ್ಲಿ ಬನ್ಸು, ಚಟ್ನಿ ಬಂತು. ಪ್ರೇಮಾನಂದ ಸರ್ ತಿನ್ನುತ್ತಲೇ ತಮ್ಮ ಅಂಕಗಳನ್ನು ಬರೆದು ಸಹಿ ಹಾಕಿದರು. ಚೇತನಾ ತನ್ನ ಹಾಳೆಯನ್ನು ಮುಂದಿಟ್ಟುಕೊಂಡು ಅವರ ಕೈಯ ಕಡೆಗೇ ಕಣ್ಣಿಟ್ಟಿದ್ದಳು. ಪೂಜಿತಾಗೆ ನಲವತ್ತಕ್ಕೆ ಹನ್ನೊಂದು. ತೇರ್ಗಡೆಗೆ ಹದಿನಾಲ್ಕು ಬೇಕು.

“ಹನ್ನೊಂದಾ ಸರ್?”

“ಮತ್ತೆಂತ ಮಾಡೂದ್? ಹೇಳಿಕೊಟ್ಟ್ ಮೇಲೆ ಬಂದ ಉತ್ತರಕ್ಕೆ ಅರ್ಧವೂ ಕೊಡುಕಾಗ. ಬಾಯಿಪರೀಕ್ಷೆಗೆ ಸೊನ್ನೆ.” ಅವರು ಬೆರಳು ಒರೆಸಿಕೊಂಡರು. ಆಮೇಲೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು. “ಮೇಡಂ, ನಂಗೆ ಗೊತ್ತಿಲ್ಲೆ ಅಂದ್ಕಂಡ್ರಾ? ಆ ಪ್ರೋಗ್ರಾಂ ತಪ್ಪು ಅಂತ ನಂಗ್ ಮೂರ್ ವರ್ಷದಿಂದ ಗೊತ್ತಿತ್ತ್.”

ಚೇತನಾ ಹಾಳೆಯಿಂದ ತಲೆ ಎತ್ತಲಿಲ್ಲ.

“ಆ ಹೆಣ್ಣ್ ಬರ್ದದ್ ಕಂಡ್ ನಂಗೆ ಖುಷಿ ಆಯ್ತ್. ಆದ್ರೆ ನಾ ಹೊರಗಿನಂವ. ನಿಮ್ಮ ಮುಖ್ಯಸ್ಥ್ರ ಪುಸ್ತಕ ತಪ್ಪು ಅಂತ ಅವ್ರ ಎದ್ರೇ ನಾ ಹ್ಯಾಂಗೆ ಹೇಳೂದ್? ಅದ್ಕೇ ನಿಮ್ಮನ್ನ ಕೇಂಡದ್. ನೀವ್ ‘ಹೆಣ್ಣಿಂದೇ ಸರಿ’ ಅಂದಿದ್ರೆ ಅಲ್ಲೇ ಪೂರ್ತಿ ಮಾರ್ಕ್ ಹಾಕ್ತಿದ್ದೆ. ಬಾಯಿಪರೀಕ್ಷೆಯಲ್ಲಾದ್ರೂ ಅದ್ ಬಾಯಿ ಬಿಡ್ತಾ ಅಂತ ಕಂಡೆ. ಬಿಡ್ಲಿಲ್ಲೆ.” ಅವರು ಎದ್ದು ಚೀಲ ಹೆಗಲಿಗೆ ಹಾಕಿದರು. “ಒಳಗಿನೋರೇ ತಪ್ಪು ಅಂದ್ಮೇಲೆ ಹೊರಗಿನಂವ ಸರಿ ಅಂಬುಕ್ ಆತ್ತಾ, ಹೇಳಿ. ಬತ್ತೆ ಹಾಂ. ಬನ್ಸ್ ಲಾಯ್ಕಿತ್ತ್.”

ಅವರು ಹೋದರು. ಈ ಮನುಷ್ಯನ ಮೇಲೆ ಸಿಟ್ಟು ಬರಬೇಕಿತ್ತು. ಮೂರು ವರ್ಷ ಗೊತ್ತಿದ್ದೂ ಸುಮ್ಮನಿದ್ದವನು. ಆದರೆ ಸಿಟ್ಟಿಗೂ ಒಂದು ಯೋಗ್ಯತೆ ಬೇಕಲ್ಲ. ತಾನು ಬಾಯಿ ಮುಚ್ಚಿದ್ದಷ್ಟೇ ಅಲ್ಲ, ಆ ಹುಡುಗಿಯ ಬಾಯನ್ನೂ ಮುಚ್ಚಿಸಿದವಳು.

ತನ್ನ ಹಾಳೆಯಲ್ಲಿ ಪೂಜಿತಾಳ ಎದುರು ಎಷ್ಟು ಹಾಕಬೇಕೆಂದು ಚೇತನಾ ಬಹಳ ಹೊತ್ತು ಯೋಚಿಸಿದಳು. ಮೂವತ್ತೈದು ಹಾಕಬೇಕು. ಆದರೆ ಒಳಗಿನವರ ಅಂಕಕ್ಕೂ ಹೊರಗಿನವರ ಅಂಕಕ್ಕೂ ತೀರಾ ಅಂತರ ಬಂದರೆ ವಿವರಣೆ ಕೇಳುತ್ತಾರೆ. ವಿವರಣೆ ಬರೆದರೆ ಏಳನೇ ಪ್ರೋಗ್ರಾಮಿನ ಮಾತು ಬರುತ್ತದೆ. ಎಷ್ಟು ಅಂತರವಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ? ಹನ್ನೊಂದಕ್ಕೆ ಐದು ಸೇರಿಸಿ ಹದಿನಾರು ಬರೆದಳು. ಎರಡೂ ಸೇರಿ ಇಪ್ಪತ್ತೇಳು; ಅರ್ಧಕ್ಕೆ ಹದಿಮೂರೂವರೆ. ಅರ್ಧ ಬಂದರೆ ಮೇಲಿನ ಅಂಕವನ್ನೇ ಕೊಡಬೇಕೆಂದು ನಿಯಮವಿದೆ. ಹದಿನಾಲ್ಕು. ತೇರ್ಗಡೆ. ಯಾರಿಗೂ ಏನೂ ಹೇಳದೆ ಕೆಲಸವಾಯಿತು.

ಅಂಕಗಳನ್ನು ಸೇರಿಸಲು ರಾಜೇಂದ್ರ ಸರ್ ತಾವೇ ಬರೆದ ಸಣ್ಣದೊಂದು ಪ್ರೋಗ್ರಾಮು ಇತ್ತು. ಎರಡೂ ಹಾಳೆಯ ಅಂಕಗಳನ್ನು ಅದಕ್ಕೆ ಊಡಿಸಿದರೆ ಸರಾಸರಿ, ಅಂತಿಮ ಅಂಕ, ಫಲಿತಾಂಶ ಮೂರೂ ಬರುತ್ತವೆ. ಚೇತನಾ ಒಬ್ಬೊಬ್ಬರದನ್ನೇ ಹಾಕುತ್ತ ಬಂದಳು. ಪೂಜಿತಾಳ ಹೆಸರಿನ ಎದುರು 11, 16 ಹಾಕಿ ಒತ್ತಿದಳು.

ಸರಾಸರಿ 13.0. ಅಂತಿಮ ಅಂಕ 13. ಅನುತ್ತೀರ್ಣ.

ಮೊದಲು ತಾನೇ ತಪ್ಪು ಒತ್ತಿದೆನೆಂದುಕೊಂಡಳು. ಮತ್ತೆ ಹಾಕಿದಳು. ಅದೇ. ಆಮೇಲೆ ಕಣ್ಣು ಇಡೀ ಪರದೆಯ ಮೇಲಿಂದ ಕೆಳಗೆ ಇಳಿಯಿತು. 27.0, 31.0, 22.0, 18.0. ಒಬ್ಬರದೂ ಅರ್ಧವಿಲ್ಲ. ಎಷ್ಟೋ ಮಕ್ಕಳ ಎರಡು ಅಂಕಗಳ ಮೊತ್ತ ಬೆಸಸಂಖ್ಯೆಯೇ. ಅವರಲ್ಲಿ ಒಬ್ಬೊಬ್ಬರಿಗೂ ಚುಕ್ಕಿಯಾಚೆ ಐದು ಬರಲೇಬೇಕಿತ್ತು. ಎಲ್ಲರಿಗೂ ಸೊನ್ನೆ.

ಪ್ರೋಗ್ರಾಮು ತೆರೆದು ನೋಡಿದಳು. ಅದೇ ಸಾಲು, ಮೂರರ ಬದಲು ಎರಡು, ಅಷ್ಟೇ. ರಾಜೇಂದ್ರ ಸರ್ ನಿಯಮ ಮರೆತಿರಲಿಲ್ಲ. ಅರ್ಧವನ್ನು ಮೇಲಕ್ಕೆ ಏರಿಸುವ ಆಜ್ಞೆಯನ್ನು ಮುಂದಿನ ಸಾಲಿನಲ್ಲೇ ಬರೆದಿದ್ದರು. ಆದರೆ ಸರಾಸರಿ ಆ ಸಾಲಿಗೆ ಬಂದು ಮುಟ್ಟುವ ಮೊದಲೇ ಅರ್ಧ ಬಿದ್ದುಹೋಗಿರುತ್ತದೆ. ಏರಿಸಲು ಅಲ್ಲಿ ಏನೂ ಉಳಿದಿರುವುದಿಲ್ಲ. ಹದಿಮೂರು ಪಾಯಿಂಟ್ ಸೊನ್ನೆಯನ್ನು ಏರಿಸಿದರೆ ಹದಿಮೂರೇ. ಬುಟ್ಟಿ ಬಂದಾಗ ಬೆಕ್ಕು ತಿಂದಾಗಿತ್ತು.

ಎಷ್ಟು ವರ್ಷದಿಂದ? ಎಷ್ಟು ಮಕ್ಕಳು ಹದಿಮೂರರಲ್ಲಿ ನಿಂತು ಮನೆಗೆ ಹೋದರು?

ಚೇತನಾ ಎದ್ದಳು. ಈ ಸಲ ಹೇಳಲೇಬೇಕು. ಇದು ಸುಮಾರು ಲೆಕ್ಕವಲ್ಲ. ರಾಜೇಂದ್ರ ಸರ್ ಕೋಣೆಯ ಬಾಗಿಲವರೆಗೆ ಹೋದಳು. ಅವರು ಫೋನು ಕೆಳಗಿಟ್ಟು ನಕ್ಕರು.

“ಬನ್ನಿ ಬನ್ನಿ. ಆಗ ಪ್ರೇಮಾನಂದ್ರ ಎದ್ರಿಗೆ ಲಾಯ್ಕ್ ಮಾಡಿದ್ರಿ. ಹೊರಗಿನೋರ್ ಎದ್ರಿಗೆ ವಿಭಾಗದ ಮರ್ಯಾದೆ ಅಲ್ದಾ. ನಿಮ್ಮ ಮುಂದಿನ ವರ್ಷದ್ ಆರ್ಡರ್ ಟೈಪ್ ಮಾಡುಕ್ ಕೊಟ್ಟೆ. ಎಂಟ್ರಿ ಮುಗೀತಾ?”

ಅವಳ ಬಾಯಿ ತೆರೆದಿತ್ತು. ಅದರಿಂದ ಬಂದದ್ದು, “ಒಂದು ಬಾಕಿ ಇದೆ ಸರ್.”

“ಮುಗ್ಸಿ ಮುಗ್ಸಿ. ಇವತ್ತೇ ಕಳ್ಸುವ.”

ಅವಳು ವಾಪಸು ಬಂದು ಕೂತಳು. ಪ್ರೋಗ್ರಾಮನ್ನು ಮುಚ್ಚಿದಳು. ಒಂದು ಚುಕ್ಕಿ, ಒಂದು ಸೊನ್ನೆ ಸೇರಿಸಿದರೆ ಎಲ್ಲರ ಅರ್ಧವೂ ವಾಪಸು ಬರುತ್ತಿತ್ತು. ಆದರೆ ಈ ವರ್ಷದ ಅಂಕಗಳೆಲ್ಲ ಯಾಕೆ ಹೀಗೆ ಎಂದು ಯಾರಾದರೂ ಕೇಳಿದರೆ? ಹಿಂದಿನ ವರ್ಷದ ಹಾಳೆಗಳನ್ನು ತೆಗೆಸಿದರೆ? ತನ್ನ ಅಂಕದ ಹಾಳೆಗೆ ಇನ್ನೂ ಸಹಿ ಬಿದ್ದಿರಲಿಲ್ಲ. ಹೊಸ ಹಾಳೆ ತೆಗೆದುಕೊಂಡು, ಎಲ್ಲರ ಅಂಕಗಳನ್ನೂ ಮೊದಲಿನಂತೆಯೇ ಪ್ರತಿ ಮಾಡಿದಳು, ಒಬ್ಬಳದನ್ನು ಬಿಟ್ಟು. ಪೂಜಿತಾ, ಹದಿನೇಳು. ಹನ್ನೊಂದು, ಹದಿನೇಳು, ಇಪ್ಪತ್ತೆಂಟು. ಅರ್ಧದ ಗೊಡವೆಯೇ ಇಲ್ಲ.

ಸರಾಸರಿ 14.0. ತೇರ್ಗಡೆ.

ಹಳೆಯ ಹಾಳೆಯನ್ನು ಚೂರು ಮಾಡಿ ಚೀಲಕ್ಕೆ ಹಾಕಿಕೊಂಡಳು. ಇಲ್ಲಿಯ ಬುಟ್ಟಿಗೆ ಹಾಕುವ ಧೈರ್ಯ ಬರಲಿಲ್ಲ. ಸರಿಯಾದ ಲೆಕ್ಕದಿಂದ ಪಾಸಾಗಬೇಕಿದ್ದ ಹುಡುಗಿ ಸುಳ್ಳು ಅಂಕದಿಂದ ಪಾಸಾದಳು. ಪರದೆಯ ಮೇಲೆ ಅವಳ ಹೆಸರಿನ ಕೆಳಗೆ ಇನ್ನೊಬ್ಬ ಹುಡುಗನ 13.0 ಇತ್ತು. ರತನ್, ತೆಕ್ಕಟ್ಟೆಯವನು, ಹಿಂದಿನ ಬೆಂಚಿನವನು. ಹನ್ನೆರಡು, ಹದಿನೈದು. ಚೇತನಾ ಅದನ್ನು ನೋಡಿದಳು. ಒಬ್ಬಳಿಗೆ ಒಂದಂಕ ಏರಿಸಿದ್ದು ಯಾರಿಗೂ ಕಾಣದು, ಇಬ್ಬರಿಗಾದರೆ ಕಂಡೀತು. ಅವಳು ಸಹಿ ಹಾಕಿದಳು.

ಸಂಜೆಯ ಬೈಂದೂರು ಬಸ್ಸಿನಲ್ಲಿ ಪೂಜಿತಾ ಮೊದಲೇ ಕೂತಿದ್ದಳು. ಪಕ್ಕದ ಜಾಗ ಖಾಲಿ. ಕೂರದೆ ಇರಲಾಗಲಿಲ್ಲ.

ಬಸ್ಸು ತ್ರಾಸಿ ದಾಟಿತು. ಆಮೇಲೆ ಹುಡುಗಿಯೇ ಕೇಳಿದಳು.

“ಮೇಡಂ, ಅದ್ ಸರಿಯಾ, ತಪ್ಪಾ?”

“ಹೆದರಬೇಡ. ಪಾಸಾಗುತ್ತಿ.”

“ನಾ ಕೇಂಡದ್ ಅದಲ್ಲ ಮೇಡಂ.”

ಚೇತನಾ ಮುಂದಿನ ಸೀಟಿನ ಕಬ್ಬಿಣದ ಕಂಬಿಯನ್ನು ನೋಡಿದಳು. “ನಿನ್ನದೇ ಸರಿ.”

“ಹಂಗಾರೆ ಅಲ್ಲಿ ಎಂತಕೆ ಹೇಳಲ್ಲೆ?”

ಕಂಡಕ್ಟರು ಮರವಂತೆ ಎಂದು ಕೂಗಿದ. ಪೂಜಿತಾ ಚೀಲ ಎತ್ತಿಕೊಂಡು ಎದ್ದಳು. ಸೀಟಿನ ಅಂಚು ಹಿಡಿದು, ಬಗ್ಗಿ, ಬೆಳಿಗ್ಗೆ ಚೇತನಾ ತನಗೆ ಹೇಳಿದಷ್ಟೇ ಮೆಲ್ಲಗೆ ಹೇಳಿದಳು, “ನಿಮ್ಮ ಮೆಸೇಜ್ ತೋರ್ಸುವ ಅಂತ ಬಾಯಿಗೆ ಬಂದಿತ್ತ್ ಮೇಡಂ. ತೋರ್ಸಿದ್ರೆ ನಿಮ್ಗೇ ತೊಂದ್ರೆ ಅಂತ ಸುಮ್ನಾದೆ.”

ಅವಳು ಇಳಿದುಹೋದಳು. ತಿರುಗಿ ನೋಡಲಿಲ್ಲ.

ಮನೆಗೆ ಬಂದಾಗ ವನಜ ಜಗಲಿಯಲ್ಲಿ ಬಸಳೆ ಸೊಪ್ಪು ಬಿಡಿಸುತ್ತಿದ್ದಳು. “ಪರೀಕ್ಷೆ ಎಲ್ಲ ಚೆಂದ ಆಯ್ತಾ ಮಗಾ?”

ಪ್ರೇಮಾನಂದ ಸರ್ ಹೇಳಿದ್ದು, ಚೀಲದ ತಳದಲ್ಲಿರುವ ಹಾಳೆಯ ಚೂರುಗಳು, ತೆಕ್ಕಟ್ಟೆಯ ಆ ಹುಡುಗನ ಹೆಸರು, ಎಲ್ಲ ಒಟ್ಟಿಗೆ ಬಾಯಿಗೆ ಬಂದವು. ಒಂದನ್ನು ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ. ಹೇಳುವುದಿಲ್ಲ. ಅಮ್ಮನಿಗೂ ಇಲ್ಲ, ಪೂಜಿತಾಗೂ ಇಲ್ಲ, ಯಾರಿಗೂ ಇಲ್ಲ. ಅದನ್ನು ನಿರ್ಧರಿಸಿದ ಮೇಲೆ ಚೇತನಾ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದಳು.

“ಚೆಂದ ಆಯ್ತ್ ಅಮ್ಮ,” ಅಂದಳು.